ಹೊತ್ತು ಬರುವವರೆಗೆ ಮೆಸೇಜು ಎಲ್ಲಿರುತ್ತದೆ?

ಅಕ್ಕ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ತಮ್ಮ ಬೆಂಗಳೂರಿನಲ್ಲಿ, ಅಪ್ಪ ಅರಸೀಕೆರೆ ಕಡೆಯ ಊರಿನಲ್ಲಿ. ಅಕ್ಕ ತಮ್ಮ ಇಬ್ಬರ ಕೈಯಲ್ಲೂ ಐಫೋನ್ ಇದೆ. ಅಪ್ಪನದು ಮಾತ್ರ ಗುಂಡಿ ಒತ್ತುವ ಹಳೇ ಫೋನು, ಅದನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಇಂಥ ಮನೆಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ನವೆಂಬರ್ 10 ತಮ್ಮನ ಹುಟ್ಟುಹಬ್ಬ, ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಶುಭಾಶಯ ತಲುಪಬೇಕು ಎಂಬುದು ಅಕ್ಕನ ಆಸೆ. ಅಪ್ಪನಿಗೆ ಪ್ರತಿ ತಿಂಗಳ ಒಂದನೇ ತಾರೀಖು ಬಿಪಿ ಮಾತ್ರೆ ತರಿಸುವುದನ್ನು ನೆನಪಿಸಬೇಕು ಎಂಬುದು ತಮ್ಮನ ಚಿಂತೆ.

ಎರಡೂ ಕೆಲಸ ಮೇಲ್ನೋಟಕ್ಕೆ ಒಂದೇ: ಈಗ ಬರೆದಿಟ್ಟ ಮೆಸೇಜು ಆಮೇಲೆ ಹೋಗಬೇಕು. ಐಫೋನಿನಲ್ಲಿ ಇದಕ್ಕೆ ಎರಡು ದಾರಿಗಳಿವೆ. ಮೆಸೇಜಸ್ ಆ್ಯಪ್‌ನಲ್ಲೇ ಇರುವ ‘ಸೆಂಡ್ ಲೇಟರ್’ ಒಂದು. ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ನಾವೇ ಕಟ್ಟಿಕೊಳ್ಳುವ ಆಟೊಮೇಷನ್ ಇನ್ನೊಂದು. ಯಾವುದು ಸುಲಭ ಎಂದು ಹುಡುಕುವವರೇ ಹೆಚ್ಚು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬರೆದ ಹೊತ್ತಿಗೂ ಹೋಗುವ ಹೊತ್ತಿಗೂ ನಡುವೆ ಆ ಮೆಸೇಜು ಎಲ್ಲಿ ಕೂತಿರುತ್ತದೆ? ಸೆಂಡ್ ಲೇಟರ್‌ನಲ್ಲಿ ಅದು ಆ್ಯಪಲ್‌ನ ಸರ್ವರ್‌ನಲ್ಲಿರುತ್ತದೆ. ಶಾರ್ಟ್‌ಕಟ್‌ನಲ್ಲಿ ನಮ್ಮ ಜೇಬಿನ ಫೋನಿನಲ್ಲೇ ಇರುತ್ತದೆ. ಎರಡರ ಗುಣದೋಷಗಳೆಲ್ಲ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಅಕ್ಕನ ದಾರಿ

ಸೆಂಡ್ ಲೇಟರ್ ಐಫೋನಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಐಒಎಸ್ 18ರ ಜೊತೆ. ಐಫೋನ್ ಎಕ್ಸ್‌ಆರ್, ಎಕ್ಸ್‌ಎಸ್ ಮತ್ತು ಅವುಗಳ ನಂತರದ ಫೋನುಗಳಲ್ಲಿ ಈ ಆವೃತ್ತಿ ನಡೆಯುತ್ತದೆ. ಐಫೋನ್ 8 ಅಥವಾ ಐಫೋನ್ ಎಕ್ಸ್ ಇಟ್ಟುಕೊಂಡವರ ಫೋನು ಐಒಎಸ್ 16ಕ್ಕೇ ನಿಂತಿರುವುದರಿಂದ ಅವರಿಗೆ ಈ ಸೌಲಭ್ಯ ಕಾಣುವುದಿಲ್ಲ.

ಬಳಸುವ ಕ್ರಮ ಸರಳ. ತಮ್ಮನ ಜೊತೆಗಿನ ಸಂಭಾಷಣೆ ತೆರೆದು, ಬರೆಯುವ ಜಾಗದ ಎಡಕ್ಕಿರುವ `+` ಗುರುತನ್ನು ಒತ್ತಬೇಕು. ಕ್ಯಾಮೆರಾ, ಫೋಟೊ ಮುಂತಾದವುಗಳ ಪಟ್ಟಿ ಏಳುತ್ತದೆ. ಅದನ್ನು ಮೇಲಕ್ಕೆ ಸರಿಸಿದರೆ `Send Later` ಸಿಗುತ್ತದೆ. ಅದನ್ನು ಒತ್ತಿದೊಡನೆ ಬರೆಯುವ ಜಾಗದ ಮೇಲೆ ಒಂದು ಸಮಯ ಕಾಣಿಸಿಕೊಳ್ಳುತ್ತದೆ. ಆ ಸಮಯದ ಮೇಲೆ ಬೆರಳಿಟ್ಟರೆ ದಿನ, ಗಂಟೆ, ನಿಮಿಷಗಳ ಚಕ್ರ ಬರುತ್ತದೆ. ಹೊತ್ತು ಆರಿಸಿ, ಮೆಸೇಜು ಬರೆದು, ಎಂದಿನಂತೆ ಬಾಣದ ಗುಂಡಿ ಒತ್ತಿದರೆ ಮುಗಿಯಿತು. ಸಂಭಾಷಣೆಯೊಳಗೆ ಆ ಮೆಸೇಜು ಚುಕ್ಕೆಗೆರೆಯ ಅಂಚಿನ ಗುಳ್ಳೆಯಾಗಿ ನಿಲ್ಲುತ್ತದೆ. ಇನ್ನೂ ಹೋಗಿಲ್ಲ ಎಂಬುದಕ್ಕೆ ಆ ಚುಕ್ಕೆಗೆರೆಯೇ ಗುರುತು.

ಹೊತ್ತು ಆರಿಸುವಾಗ ಮಾತ್ರ ಅಕ್ಕ ಎಚ್ಚರ ವಹಿಸಬೇಕು. ಚಕ್ರದಲ್ಲಿ ಕಾಣುವುದು ಅಕ್ಕನ ಫೋನಿನ ಸಮಯ, ತಮ್ಮನದಲ್ಲ. ಅಕ್ಕ ಕುಳಿತು ಬರೆಯುತ್ತಿರುವುದು ಅಕ್ಟೋಬರ್ 29ರಂದು ಎಂದುಕೊಳ್ಳೋಣ. ಆ ದಿನ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಆ ಲೆಕ್ಕ ಹಿಡಿದರೆ ಬೆಂಗಳೂರಿನ ನವೆಂಬರ್ 10ರ ಮಧ್ಯರಾತ್ರಿ ಎಂದರೆ ಫ್ರೀಮಾಂಟ್‌ನ ನವೆಂಬರ್ 9ರ ಬೆಳಗ್ಗೆ 11.30.

ಆದರೆ ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಅಂತರ ಹದಿಮೂರೂವರೆ ಗಂಟೆ. ಬರೆಯುವ ದಿನ ಆ ಭಾನುವಾರದ ಆಚೆ ಬದಿಯಲ್ಲಿದೆ, ತಲುಪಬೇಕಾದ ದಿನ ಈಚೆ ಬದಿಯಲ್ಲಿದೆ. ಆದ್ದರಿಂದ ಅಕ್ಕ ಆರಿಸಬೇಕಾದದ್ದು ನವೆಂಬರ್ 9, ಬೆಳಗ್ಗೆ 10.30. ಹಳೆಯ ಅಂತರವನ್ನೇ ನಂಬಿ 11.30 ಹಾಕಿದರೆ ಶುಭಾಶಯ ತಲುಪುವಾಗ ಬೆಂಗಳೂರಿನಲ್ಲಿ ರಾತ್ರಿ ಒಂದು ಗಂಟೆ. ಮಾರ್ಚ್‌ನಲ್ಲಿ ಹುಟ್ಟಿದವರ ವಿಷಯದಲ್ಲಿ ತಪ್ಪು ತಿರುಗುಮುರುಗಾಗುತ್ತದೆ. ಅಲ್ಲಿ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ಹೋಗುವುದರಿಂದ, ಚಳಿಗಾಲದ ಲೆಕ್ಕ ಹಿಡಿದವರ ಶುಭಾಶಯ ಹಿಂದಿನ ದಿನ ರಾತ್ರಿ ಹನ್ನೊಂದಕ್ಕೇ ಬಂದು ಕೂರುತ್ತದೆ. ಫೋನಿನ ಗಡಿಯಾರದ ಆ್ಯಪ್‌ನಲ್ಲಿ ಬೆಂಗಳೂರಿನ ಸಮಯ ನೋಡಿಕೊಂಡರೂ ಪ್ರಯೋಜನವಿಲ್ಲ, ಅದು ತೋರಿಸುವುದು ಈ ಹೊತ್ತಿನ ಅಂತರವನ್ನು ಮಾತ್ರ.

ದಿನಾಂಕದಲ್ಲೂ ಇಂಥದೇ ಒಂದು ತೊಡಕಿದೆ. ಹುಟ್ಟುಹಬ್ಬ ಹತ್ತನೇ ತಾರೀಖು ಎಂಬುದು ತಲೆಯಲ್ಲಿರುವಾಗ ಬೆರಳು ತಾನಾಗಿ ಹತ್ತರ ಮೇಲೇ ಹೋಗುತ್ತದೆ. ಹಾಗೆ ಮಾಡಿದರೆ ಮೆಸೇಜು ತಲುಪುವುದು ಇಡೀ ಹುಟ್ಟುಹಬ್ಬ ಕಳೆದ ಮೇಲೆ.

ತಪ್ಪಾಗಿದೆ ಎಂದು ಆಮೇಲೆ ಹೊಳೆದರೆ ಸರಿಪಡಿಸಲು ದಾರಿ ಇದೆ. ಚುಕ್ಕೆಗೆರೆಯ ಗುಳ್ಳೆಯ ಮೇಲಿರುವ `Edit` ಒತ್ತಿದರೆ ಹೊತ್ತು ಬದಲಿಸಬಹುದು, ಈಗಲೇ ಕಳಿಸಿಬಿಡಬಹುದು, ಇಲ್ಲವೇ ಅಳಿಸಬಹುದು. ಒಕ್ಕಣೆಯನ್ನೇ ತಿದ್ದಬೇಕಿದ್ದರೆ ಗುಳ್ಳೆಯ ಮೇಲೆ ಬೆರಳನ್ನು ಒತ್ತಿ ಹಿಡಿಯಬೇಕು. ಈ ತಿದ್ದುಪಡಿಗೆ ಇಂಟರ್‌ನೆಟ್ ಬೇಕು, ಏಕೆಂದರೆ ತಿದ್ದಬೇಕಾದ ಪ್ರತಿ ಇರುವುದು ಸರ್ವರ್‌ನಲ್ಲಿ. ಹೋದ ಮೇಲೆ ತಿದ್ದುವುದು ಕಷ್ಟ. ಐಮೆಸೇಜನ್ನು ಹಿಂತೆಗೆದುಕೊಳ್ಳಲು ಇರುವುದು 2 ನಿಮಿಷ, ಒಕ್ಕಣೆ ತಿದ್ದಲು 15 ನಿಮಿಷ. ಕಳಿಸಿದವರು ಅಷ್ಟು ಹೊತ್ತು ನಿದ್ದೆಯಲ್ಲಿದ್ದರೆ ಆ ಅವಕಾಶವೂ ಕಳೆದುಹೋಗುತ್ತದೆ.

ಇಷ್ಟೆಲ್ಲ ಆದಮೇಲೆ ಸರ್ವರ್‌ನಲ್ಲಿ ಇಡುವುದರ ನಿಜವಾದ ಲಾಭ ಸಿಗುತ್ತದೆ. ಮೆಸೇಜು ಗೂಢಲಿಪಿಯಲ್ಲಿ ಸರ್ವರ್ ಸೇರಿದ ಮೇಲೆ ಅಕ್ಕನ ಫೋನಿಗೆ ಕೆಲಸವಿಲ್ಲ. ನವೆಂಬರ್ 9ರ ಬೆಳಗ್ಗೆ ಅಕ್ಕ ವಿಮಾನದಲ್ಲಿರಬಹುದು, ಫೋನಿನ ಚಾರ್ಜು ಮುಗಿದಿರಬಹುದು, ಸಿಗ್ನಲ್ ಸಿಗದ ಗುಡ್ಡದಲ್ಲಿ ನಡೆಯುತ್ತಿರಬಹುದು. ಹೊತ್ತಿಗೆ ಸರಿಯಾಗಿ ಮೆಸೇಜು ಹೊರಡುತ್ತದೆ. ಇದು ಮೊದಲೇ ಬರೆದಿಟ್ಟದ್ದು ಎಂಬ ಗುರುತು ತಮ್ಮನ ಫೋನಿನಲ್ಲಿ ಎಲ್ಲೂ ಇರುವುದಿಲ್ಲ.

ಎಲ್ಲಿಗೆ ನಿಲ್ಲುತ್ತದೆ

ಸರ್ವರ್ ಆ್ಯಪಲ್‌ನದು ಎಂಬುದರಲ್ಲೇ ಈ ದಾರಿಯ ಮಿತಿಯೂ ಅಡಗಿದೆ. ಸೆಂಡ್ ಲೇಟರ್ ನಡೆಯುವುದು ಐಮೆಸೇಜ್‌ಗೆ ಮಾತ್ರ, ಅಂದರೆ ಎರಡೂ ಕಡೆ ಆ್ಯಪಲ್‌ನ ಸಾಧನ ಇರುವಾಗ ನೀಲಿ ಗುಳ್ಳೆಯಲ್ಲಿ ಹೋಗುವ ಮೆಸೇಜಿಗೆ. ಆ ಕಡೆ ಆಂಡ್ರಾಯ್ಡ್ ಅಥವಾ ಸಾದಾ ಫೋನಿದ್ದರೆ ಗುಳ್ಳೆ ಹಸಿರು. ಅದು ಎಸ್ಸೆಮ್ಮೆಸ್ ಆಗಿ ಮೊಬೈಲ್ ಕಂಪನಿಯ ಜಾಲದಲ್ಲಿ ಹೋಗಬೇಕು, ಇಲ್ಲವೇ ಆರ್‌ಸಿಎಸ್ ಆಗಿ ಹೋಗಬೇಕು. ಎರಡಕ್ಕೂ ಸೆಂಡ್ ಲೇಟರ್ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಬೇರೆಯೇ ಆ್ಯಪ್ ಆದ್ದರಿಂದ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯ ಮಿತಿ 14 ದಿನಗಳದು. ಅದಕ್ಕಿಂತ ದೂರದ ದಿನ ಚಕ್ರದಲ್ಲಿ ಬರುವುದಿಲ್ಲ. ಅಕ್ಕ ಸೆಪ್ಟೆಂಬರ್‌ನಲ್ಲೇ ಶುಭಾಶಯ ಬರೆದಿಡಲಾಗದು, ಅಕ್ಟೋಬರ್ ಕೊನೆಯವರೆಗೆ ತಡೆಯಬೇಕು. ಮೂರನೆಯದು, ಪುನರಾವರ್ತನೆ ಇಲ್ಲ. ಒಂದು ಮೆಸೇಜು ಒಂದು ಸಲ ಹೋಗುತ್ತದೆ, ಅಲ್ಲಿಗೆ ಅದರ ಕತೆ ಮುಗಿಯುತ್ತದೆ.

ತಮ್ಮನ ಕೆಲಸಕ್ಕೆ ಈ ಮಿತಿಗಳೆಲ್ಲ ಅಡ್ಡ ಬರುತ್ತವೆ. ಅಪ್ಪನದು ಗುಂಡಿ ಫೋನು. ನೆನಪಿಸಬೇಕಾದದ್ದು ಪ್ರತಿ ತಿಂಗಳು.

ತಮ್ಮನ ದಾರಿ

ಶಾರ್ಟ್‌ಕಟ್ಸ್ ಆ್ಯಪ್‌ನ ಮೂಲ ಹೆಸರು ವರ್ಕ್‌ಫ್ಲೋ. 2017ರಲ್ಲಿ ಆ್ಯಪಲ್ ಅದನ್ನು ಕೊಂಡಿತು, ಮರುವರ್ಷ ಐಒಎಸ್ 12ರ ಹೊತ್ತಿಗೆ ಹೊಸ ಹೆಸರಿನಲ್ಲಿ ಹೊರತಂದಿತು. ಇಂಥ ಹೊತ್ತಿಗೆ ಇಂಥ ಕೆಲಸ ನಡೆಯಲಿ ಎಂದು ಹೇಳಿಡುವ ಆಟೊಮೇಷನ್ 2019ರ ಐಒಎಸ್ 13ರಲ್ಲಿ ಸೇರಿತು. ಆಗ ಹೊತ್ತು ನೋಡಿ ನಡೆಯುವ ಆಟೊಮೇಷನ್ ಕೂಡ ‘ನಡೆಸಲೇ?’ ಎಂದು ಕೇಳಿ, ಬೆರಳು ಒತ್ತುವವರೆಗೆ ಕಾಯುತ್ತಿತ್ತು. ಮರುವರ್ಷದ ಐಒಎಸ್ 14ರಿಂದ ಅದು ಕೇಳದೆಯೇ ನಡೆಯತೊಡಗಿತು. ಮೆಸೇಜನ್ನು ಮುಂದಕ್ಕೆ ಬರೆದಿಡಲು ಸೆಂಡ್ ಲೇಟರ್ ಬರುವ ಮೊದಲೇ ಜನ ಈ ದಾರಿ ಹಿಡಿದದ್ದು ಇದರಿಂದ.

ತಮ್ಮ ಮಾಡಬೇಕಾದದ್ದು ಇಷ್ಟು. ಶಾರ್ಟ್‌ಕಟ್ಸ್ ತೆರೆದು, ಕೆಳಗಿನ `Automation` ಒತ್ತಿ, `+` ಮೂಲಕ ಹೊಸದನ್ನು ಶುರು ಮಾಡಬೇಕು. ಪಟ್ಟಿಯಲ್ಲಿ `Time of Day` ಆರಿಸಿ, ಬೆಳಗ್ಗೆ 8 ಗಂಟೆ, `Monthly`, ತಾರೀಖು 1 ಎಂದು ಕೊಡಬೇಕು. ಅದೇ ಪರದೆಯ ಕೆಳಗೆ `Run After Confirmation` ಬದಲು `Run Immediately` ಆರಿಸಬೇಕು. ಅದರ ಜೊತೆಗಿರುವ `Notify When Run` ಎಂಬ ಸ್ವಿಚ್ಚನ್ನು ಹಾಕಿಡುವುದು ಒಳ್ಳೆಯದು, ಅದರ ಉಪಯೋಗ ಮುಂದೆ ಗೊತ್ತಾಗುತ್ತದೆ. ಆಮೇಲೆ ಖಾಲಿ ಆಟೊಮೇಷನ್‌ಗೆ `Send Message` ಎಂಬ ಕ್ರಿಯೆಯನ್ನು ಸೇರಿಸಿ, ಅಪ್ಪನ ನಂಬರು ಮತ್ತು ಒಕ್ಕಣೆ ತುಂಬಬೇಕು.

ಬಹಳ ಜನ ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. `Send Message` ಪಕ್ಕದ ಚಿಕ್ಕ ಬಾಣ ಒತ್ತಿದರೆ `Show When Run` ಎಂಬ ಸ್ವಿಚ್ಚು ಕಾಣುತ್ತದೆ. ಅದನ್ನು ಆಫ್ ಮಾಡದಿದ್ದರೆ, ಒಂದನೇ ತಾರೀಖು ಎಂಟಕ್ಕೆ ಮೆಸೇಜು ತುಂಬಿದ ಪರದೆ ಸಿದ್ಧವಾಗಿ, ಕಳಿಸುವ ಗುಂಡಿ ಒತ್ತಲಿ ಎಂದು ತಮ್ಮನಿಗಾಗಿ ಕಾಯುತ್ತದೆ. ಆಟೊಮೇಷನ್ ನಡೆದದ್ದೂ ನಿಜ, ಮೆಸೇಜು ಹೋಗದೇ ಇದ್ದದ್ದೂ ನಿಜ ಎಂಬ ವಿಚಿತ್ರ ಸ್ಥಿತಿ ಬರುವುದು ಸಾಮಾನ್ಯವಾಗಿ ಹೀಗೆ.

ಇನ್ನೊಂದು ಅಡ್ಡಿ ಅನುಮತಿಯದು. ಮೊದಲ ಸಲ ನಡೆಯುವಾಗ ಮೆಸೇಜು ಕಳಿಸಲು ಬಿಡಲೇ ಎಂದು ಫೋನು ಕೇಳಬಹುದು. ಉತ್ತರಿಸಲು ಎದುರಿಗೆ ಯಾರೂ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕಟ್ಟಿದ ಕೂಡಲೇ ಒಮ್ಮೆ ಕೈಯಾರೆ ನಡೆಸಿ, ಕೇಳಿದರೆ `Always Allow` ಒತ್ತಬೇಕು. ಆಮೇಲೆ ಹೊತ್ತನ್ನು ಐದು ನಿಮಿಷ ಮುಂದಕ್ಕೆ, ತಾರೀಖನ್ನು ಇವತ್ತಿಗೆ ಇಟ್ಟು, ಫೋನನ್ನು ಲಾಕ್ ಮಾಡಿ ಮೇಜಿನ ಮೇಲಿಟ್ಟು ನೋಡಬೇಕು. ಲಾಕ್ ಆದ ಫೋನಿನಿಂದ ಮೆಸೇಜು ಹೋದದ್ದನ್ನು ಕಣ್ಣಾರೆ ಕಂಡ ಮೇಲೆ ಹೊತ್ತು, ತಾರೀಖುಗಳನ್ನು ಮತ್ತೆ ಸರಿಯಾದ ಜಾಗಕ್ಕೆ ತರಬೇಕು. ಈ ಪರೀಕ್ಷೆ ನಡೆಯುವಾಗ ಅಪ್ಪನ ನಂಬರಿನ ಜಾಗದಲ್ಲಿ ತಮ್ಮನ ನಂಬರೇ ಇದ್ದರೆ ಅಪ್ಪನಿಗೆ ಗೊಂದಲವಾಗುವುದಿಲ್ಲ.

ಒಕ್ಕಣೆಯ ವಿಷಯ ಕನ್ನಡಿಗರಿಗೆ ಬೇರೆಯದೇ ಒಂದು ಲೆಕ್ಕ ಒಡ್ಡುತ್ತದೆ. ಇಂಗ್ಲಿಷ್ ಅಕ್ಷರಗಳ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಸಾಮಾನ್ಯವಾಗಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ. ಗುಣಿತದ ಗುರುತು, ಒತ್ತಕ್ಷರ ಮೂಡಿಸುವ ವಿರಾಮ ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ‘ಮಾತ್ರೆ’ ಎಂಬ ಎರಡಕ್ಷರದ ಪದ ಅಲ್ಲಿ ಆರು ಜಾಗ ತಿನ್ನುತ್ತದೆ. ‘ಅಪ್ಪ, ಇವತ್ತು 1ನೇ ತಾರೀಖು. ಬಿಪಿ ಮಾತ್ರೆ ತರಿಸಿದ್ರಾ?’ ಎಂಬ ಒಕ್ಕಣೆಗೆ 47 ಜಾಗ ಬೇಕು, ಒಂದೇ ಎಸ್ಸೆಮ್ಮೆಸ್‌ನಲ್ಲಿ ಹೋಗುತ್ತದೆ. ಇದಕ್ಕೆ ‘ಊಟ ಆಯ್ತಾ, ಮೊಣಕಾಲು ನೋವು ಹೇಗಿದೆ’ ಎಂದು ಸೇರಿಸಿದರೆ 70 ದಾಟಿ ಎರಡು ತುಂಡಾಗುತ್ತದೆ, ಎರಡು ಎಸ್ಸೆಮ್ಮೆಸ್ ಎಂದೇ ಎಣಿಕೆಯಾಗುತ್ತದೆ. ನಮ್ಮ ಬಹುತೇಕ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಇರುವುದರಿಂದ ತಮ್ಮನಿಗೆ ಖರ್ಚಿನ ಚಿಂತೆಯಿಲ್ಲ. ಫ್ರೀಮಾಂಟ್‌ನಿಂದ ಅಕ್ಕನೇ ಕಳಿಸಿದರೆ ಅದು ಹೊರದೇಶದ ಎಸ್ಸೆಮ್ಮೆಸ್ ಆಗಿ, ಪ್ಲಾನಿಗೆ ತಕ್ಕಂತೆ ತುಂಡಿಗಿಷ್ಟು ಎಂದು ಹಣ ಬೀಳಬಹುದು. ಈ ಕೆಲಸ ತಮ್ಮನ ಪಾಲಿಗೆ ಬರುವುದೇ ಸರಿ.

ಹಳೆಯ ಗುಂಡಿ ಫೋನುಗಳಲ್ಲಿ ಕೆಲವಕ್ಕೆ ಕನ್ನಡ ಲಿಪಿ ಗೊತ್ತಿಲ್ಲ. ಅಕ್ಷರದ ಜಾಗದಲ್ಲಿ ಸಾಲು ಸಾಲು ಚೌಕಗಳು ಬರುತ್ತವೆ. ಅಪ್ಪನ ಫೋನು ಅಂಥದಾದರೆ `Appa, BP maatre tarisidra?` ಎಂದು ಬರೆಯುವುದೊಂದೇ ಉಳಿದ ದಾರಿ. ಇದನ್ನು ಮುಂಚೆಯೇ ಒಂದು ಮೆಸೇಜು ಕಳಿಸಿ, ಫೋನ್ ಮಾಡಿ, ‘ಓದೋಕೆ ಬರ್ತಿದ್ಯಾ ಅಪ್ಪಾ’ ಎಂದು ಕೇಳಿ ತಿಳಿದುಕೊಳ್ಳಬೇಕು.

ಜೇಬಿನಲ್ಲಿ ಇಟ್ಟ ಮೆಸೇಜು

ಅಕ್ಕನ ಮೆಸೇಜಿಗೆ ಅಕ್ಕನ ಫೋನು ಬೇಕಿರಲಿಲ್ಲ. ತಮ್ಮನ ಮೆಸೇಜಿಗೆ ತಮ್ಮನ ಫೋನೇ ಎಲ್ಲ. ಒಂದನೇ ತಾರೀಖು ಬೆಳಗ್ಗೆ ಎಂಟಕ್ಕೆ ಅದು ಆನ್ ಆಗಿರಬೇಕು, ಸಿಗ್ನಲ್ ಇರಬೇಕು. ರಾತ್ರಿ ಚಾರ್ಜಿಗೆ ಹಾಕುವುದು ಮರೆತು ಬೆಳಗ್ಗೆ ಒಂಬತ್ತಕ್ಕೆ ಫೋನು ಹೊತ್ತಿಸಿದರೆ, ತಪ್ಪಿಹೋದ ಎಂಟರ ಕೆಲಸವನ್ನು ಅದು ತಾನಾಗಿ ಮಾಡುತ್ತದೆಂದು ನಂಬುವಂತಿಲ್ಲ. ಆ ತಿಂಗಳ ಮೆಸೇಜು ಹೋಗಲಿಲ್ಲ ಎಂದೇ ತಿಳಿಯಬೇಕು. ಪ್ಯಾಕ್ ಅವಧಿ ಮುಗಿದಿದ್ದರೆ ಆಟೊಮೇಷನ್ ನಡೆದರೂ ಎಸ್ಸೆಮ್ಮೆಸ್ ಹೊರಡುವುದಿಲ್ಲ, ಗುಳ್ಳೆಯ ಪಕ್ಕ ಕೆಂಪು ಗುರುತು ಬೀಳುತ್ತದೆ.

`Notify When Run` ಹಾಕಿಡಬೇಕು ಎಂದದ್ದು ಇದಕ್ಕೇ. ಒಂದನೇ ತಾರೀಖು ಬೆಳಗ್ಗೆ ಆಟೊಮೇಷನ್ ನಡೆದ ಸೂಚನೆ ಪರದೆಯ ಮೇಲೆ ಬಂದಿದೆಯೇ? ಅಪ್ಪನ ಸಂಭಾಷಣೆಯಲ್ಲಿ ಹಸಿರು ಗುಳ್ಳೆ ಕೆಂಪು ಗುರುತಿಲ್ಲದೆ ಕೂತಿದೆಯೇ? ಮೊದಲನೆಯದು ಇಲ್ಲದಿದ್ದರೆ ತೊಂದರೆ ಆಟೊಮೇಷನ್‌ನದು. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ತೊಂದರೆ ಅನುಮತಿಯದೋ `Show When Run` ಸ್ವಿಚ್ಚಿನದೋ ಜಾಲದ್ದೋ ಆಗಿರುತ್ತದೆ. ಇಷ್ಟು ನೋಡಿದರೆ ಎಲ್ಲಿ ಕೈಯಿಡಬೇಕು ಎಂಬುದು ತಿಳಿಯುತ್ತದೆ.

ಇನ್ನೊಂದು ಅಪಾಯ ಇದಕ್ಕೆ ವಿರುದ್ಧವಾದದ್ದು: ಹೋಗಬಾರದ ಮೆಸೇಜು ಹೋಗುವುದು. ಸೆಂಡ್ ಲೇಟರ್ ಒಂದು ಸಲ ನಡೆದು ತಾನೇ ಮುಗಿಯುತ್ತದೆ. ಆಟೊಮೇಷನ್‌ಗೆ ಕೊನೆಯೇ ಇಲ್ಲ, ನಿಲ್ಲಿಸುವವರೆಗೆ ಅದು ನಡೆಯುತ್ತಲೇ ಇರುತ್ತದೆ. ವೈದ್ಯರು ಮಾತ್ರೆ ಬದಲಿಸಿದ ಮೇಲೂ ಹಳೆಯ ಮಾತ್ರೆ ತರಿಸಿದಿರಾ ಎಂದು ಅದು ಕೇಳುತ್ತದೆ. ಅಪ್ಪ ಬೆಂಗಳೂರಿಗೆ ಬಂದು ತಮ್ಮನ ಎದುರು ಕಾಫಿ ಕುಡಿಯುತ್ತಿರುವಾಗಲೂ ಎಂಟಕ್ಕೆ ಅವರ ಜೇಬಿನ ಫೋನು ಸದ್ದು ಮಾಡುತ್ತದೆ. ಆದ್ದರಿಂದ ಮಾತ್ರೆಯ ಹೆಸರು, ಪ್ರಮಾಣ ಮುಂತಾದ ಬದಲಾಗುವ ವಿವರಗಳನ್ನು ಇಂಥ ಒಕ್ಕಣೆಯಲ್ಲಿ ಹಾಕಬಾರದು. ತರಿಸಿದಿರಾ ಎಂದು ಕೇಳಿದರೆ ಸಾಕು.

ವರ್ಷಕ್ಕೊಮ್ಮೆ ಬರುವ ದಿನ

ಈಗ ಅಕ್ಕನಿಗೂ ಒಂದು ಯೋಚನೆ ಬರುತ್ತದೆ. ತಮ್ಮನ ಹುಟ್ಟುಹಬ್ಬವನ್ನೂ ಆಟೊಮೇಷನ್‌ಗೇ ಒಪ್ಪಿಸಿದರೆ ಪ್ರತಿ ವರ್ಷದ ಚಿಂತೆ ತಪ್ಪುತ್ತದಲ್ಲ? `Time of Day`ಯಲ್ಲಿ ಇರುವುದು ದಿನ, ವಾರ, ತಿಂಗಳ ಆಯ್ಕೆಗಳು ಮಾತ್ರ. ವರ್ಷಕ್ಕೊಮ್ಮೆ ಎಂಬುದಿಲ್ಲ, ಇಂಥ ಒಂದೇ ದಿನ ಎಂಬುದೂ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ, ತಾರೀಖು 9ಕ್ಕೆ ನಡೆಯುವಂತೆ ಇಟ್ಟು, ಒಳಗೆ ತಿಂಗಳು ಯಾವುದೆಂದು ನೋಡುವ ಕಾವಲು ಹಾಕಬೇಕು:

```
Current Date
Format Date: MM
If Formatted Date is 11
    Send Message
End If
```

`MM` ಎಂದರೆ ತಿಂಗಳನ್ನು ಎರಡಂಕಿಯಲ್ಲಿ ಬರೆ ಎಂದು. ಅದನ್ನು ಕೊಡಲು `Format Date`ನಲ್ಲಿ `Custom` ಆರಿಸಬೇಕು. ಆಟೊಮೇಷನ್ ವರ್ಷಕ್ಕೆ ಹನ್ನೆರಡು ಸಲ ಎದ್ದು ನೋಡುತ್ತದೆ, ಹನ್ನೊಂದು ಸಲ ಸುಮ್ಮನೆ ಮಲಗುತ್ತದೆ, ನವೆಂಬರ್‌ನಲ್ಲಿ ಮಾತ್ರ ಮೆಸೇಜು ಕಳಿಸುತ್ತದೆ. ಮಾರ್ಚ್‌ಗೆ ಇದನ್ನು ಬಳಸುವವರು `3` ಎಂದಲ್ಲ, `03` ಎಂದು ಬರೆಯಬೇಕು. ಇಲ್ಲದಿದ್ದರೆ ಎರಡೂ ಎಂದೂ ಹೊಂದುವುದಿಲ್ಲ, ಮೆಸೇಜು ಎಂದೂ ಹೋಗುವುದಿಲ್ಲ.

ಕೆಲಸವೇನೋ ಆಗುತ್ತದೆ. ಆದರೆ ನವೆಂಬರ್ 9ರ ಬೆಳಗ್ಗೆ 10.30 ಎಂಬ ಹೊತ್ತು ಅಕ್ಕನ ಫೋನು ಕ್ಯಾಲಿಫೋರ್ನಿಯಾದಲ್ಲಿ ಇರುವವರೆಗೆ ಮಾತ್ರ ಸರಿ. ಆ ವಾರ ಅಕ್ಕ ರಜೆಗೆ ಊರಿಗೆ ಬಂದಿದ್ದರೆ ಅವರ ಫೋನು ಭಾರತದ ಗಡಿಯಾರ ನೋಡಿ, ಹುಟ್ಟುಹಬ್ಬಕ್ಕೆ ಹದಿಮೂರೂವರೆ ಗಂಟೆ ಮೊದಲೇ ಶುಭಾಶಯ ಕಳಿಸುತ್ತದೆ. ಜೊತೆಗೆ ಪ್ರತಿ ವರ್ಷವೂ ಅದೇ ಸಾಲು. ಮೂರನೆಯ ವರ್ಷಕ್ಕೆ ತಮ್ಮನಿಗೆ ಅದು ಗೊತ್ತಾಗದೇ ಇರದು.

ಅಕ್ಕನಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಎರಡನ್ನೂ ಬೆಸೆಯುವುದು. ಪ್ರತಿ ವರ್ಷ ಅಕ್ಟೋಬರ್ 29ಕ್ಕೆ ತನಗೇ ನೆನಪಿಸುವಂತೆ ರಿಮೈಂಡರ್ಸ್ ಆ್ಯಪ್‌ನಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು. ಅದು ನೆನಪಿಸಿದ ದಿನ ಕುಳಿತು ಹೊಸದಾಗಿ ಎರಡು ಮಾತು ಬರೆದು, ಸೆಂಡ್ ಲೇಟರ್‌ಗೆ ಒಪ್ಪಿಸಬಹುದು. ಮರೆಯದಂತೆ ನೋಡಿಕೊಳ್ಳುವುದು ಫೋನಿನ ಕೆಲಸ, ತಲುಪಿಸುವುದು ಸರ್ವರ್‌ನ ಕೆಲಸ, ಬರೆಯುವುದು ಅಕ್ಕನ ಕೆಲಸ. 14 ದಿನಗಳ ಮಿತಿಯೂ ಆಗ ಅಡ್ಡಿಯಲ್ಲ.

ನವೆಂಬರ್ 10ರ ಮಧ್ಯರಾತ್ರಿ ಬೆಂಗಳೂರಿನಲ್ಲಿ ತಮ್ಮನ ಫೋನು ಬೆಳಗುತ್ತದೆ: ‘ಹುಟ್ಟುಹಬ್ಬದ ಶುಭಾಶಯ ಕಣೋ. ಈ ಸಲ ಹೋಳಿಗೆ ನೀನೇ ಮಾಡ್ತೀನಿ ಅಂದಿದ್ದೆ, ಫೋಟೊ ಕಳ್ಸು.’ ಫ್ರೀಮಾಂಟ್‌ನಲ್ಲಿ ಆಗ ಬೆಳಗ್ಗೆ ಹತ್ತೂವರೆ. ಆಫೀಸಿನ ಮೀಟಿಂಗಿನಲ್ಲಿರುವ ಅಕ್ಕನ ಫೋನು ಬ್ಯಾಗಿನೊಳಗೆ ಆಫ್ ಆಗಿದೆ. ಮೂರು ವಾರದ ನಂತರ, ಡಿಸೆಂಬರ್ ಒಂದರ ಬೆಳಗ್ಗೆ ಎಂಟಕ್ಕೆ, ತಮ್ಮ ಹಲ್ಲುಜ್ಜುತ್ತ ಒಮ್ಮೆ ಪರದೆ ನೋಡುತ್ತಾನೆ. ಆಟೊಮೇಷನ್ ನಡೆದ ಸೂಚನೆ ಬಂದಿದೆ, ಹಸಿರು ಗುಳ್ಳೆಯ ಪಕ್ಕ ಕೆಂಪು ಗುರುತಿಲ್ಲ. ಎಂಟೂ ಹತ್ತಕ್ಕೆ ಅಪ್ಪನ ಫೋನ್ ಬರುತ್ತದೆ, ಮಾತ್ರೆ ನಿನ್ನೆಯೇ ತರಿಸಿದೆ ಎಂದು ಹೇಳಲು.